ಮೂವತ್ತು ಸೆಕೆಂಡಿನಲ್ಲಿ ಯೋಗ ತರಗತಿಯ ಕರೆ

ನೆರೆಹೊರೆಯವರಿಗಾಗಿ ಬೆಳಗಿನ ಹೊಸ ಬ್ಯಾಚ್ ತೆರೆಯುವ ಯೋಗ ಶಿಕ್ಷಕರು ಮೊಬೈಲ್‌ನಲ್ಲಿ ದನಿಮುದ್ರಿಸಿ ಕಳುಹಿಸುವ ಪ್ರಕಟಣೆ ಬಹಳ ಸಲ ಹೀಗೆ ಆರಂಭವಾಗುತ್ತದೆ: ‘ಸಾವಿರಾರು ವರ್ಷಗಳ ಇತಿಹಾಸವುಳ್ಳ ಯೋಗವು ಇಂದಿನ ಒತ್ತಡದ ಬದುಕಿನಲ್ಲಿ...’ ತರಗತಿ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಬರುವ ಮೊದಲೇ ಕೇಳುಗ ಮುಂದಿನ ಸಂದೇಶಕ್ಕೆ ಹೋಗಿರುತ್ತಾನೆ.

ಮೊದಲು ಅಳತೆ ತಿಳಿದಿರಲಿ. ಕನ್ನಡದ ಪದಗಳು ಉದ್ದ. ಅವಸರವಿಲ್ಲದೆ ಓದಿದರೆ ಅರ್ಧ ನಿಮಿಷಕ್ಕೆ ಹಿಡಿಸುವುದು ಸುಮಾರು 50 ಪದ. ಹಾಗಾಗಿ ಯೋಗದ ಮಹಿಮೆಯನ್ನು ಪೂರ್ತಿ ಬಿಡಿ. ಬೆನ್ನುನೋವು, ಮಧುಮೇಹ ಗುಣವಾಗುತ್ತದೆ ಎಂಬ ಭರವಸೆಯಂತೂ ಬೇಡವೇ ಬೇಡ.

ಆಮೇಲೆ ಕೇಳುಗನ ಅನುಮಾನವನ್ನು ಊಹಿಸಿ. ನೆರೆಯವರು ಹಿಂಜರಿಯುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ‘ನನ್ನ ಮೈ ಬಗ್ಗುವುದಿಲ್ಲ’ ಮತ್ತು ‘ಕೆಲಸಕ್ಕೆ ತಡವಾಗುತ್ತದೆ’. ಮೊದಲನೆಯದಕ್ಕೆ ಒಂದು ಕುರ್ಚಿಯ ಮಾತು ಸಾಕು. ಎರಡನೆಯದಕ್ಕೆ ತರಗತಿ ಮುಗಿಯುವ ಹೊತ್ತನ್ನು ಹೇಳಬೇಕು; ಆರಂಭದ ಹೊತ್ತನ್ನಷ್ಟೇ ಹೇಳಿ ನಿಲ್ಲಿಸುವವರೇ ಹೆಚ್ಚು.

ಕಟ್ಟಡವೊಂದರ ತಾರಸಿಯಲ್ಲಿ ಪಾಠ ಮಾಡುವ ಶಿಕ್ಷಕಿಯೊಬ್ಬರ ಪ್ರಕಟಣೆ ಹೀಗಿರಬಹುದು:

‘ಅಕ್ಕಪಕ್ಕದವರಿಗೆಲ್ಲ ನಮಸ್ಕಾರ. ನಾನು ಎರಡನೇ ಮಹಡಿಯ ಯೋಗ ಶಿಕ್ಷಕಿ. ಸೋಮವಾರ, ಒಂದನೇ ತಾರೀಖಿನಿಂದ ನಮ್ಮ ಕಟ್ಟಡದ ತಾರಸಿಯಲ್ಲಿ ಬೆಳಗಿನ ಯೋಗ ತರಗತಿ. ಆರು ಗಂಟೆಗೆ ಶುರು, ಏಳಕ್ಕೆ ಸರಿಯಾಗಿ ಮುಗಿಯುತ್ತದೆ. ಇದುವರೆಗೆ ಯೋಗ ಮಾಡದವರಿಗಾಗಿಯೇ ಈ ಬ್ಯಾಚ್; ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ ಇದೆ. ಬರಿಹೊಟ್ಟೆಯಲ್ಲಿ ಬನ್ನಿ, ಚಾಪೆ ತನ್ನಿ. ಗರ್ಭಿಣಿಯರು, ರಕ್ತದೊತ್ತಡವಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮೊದಲೇ ತಿಳಿಸಿ. ಬರುವವರು ಭಾನುವಾರದೊಳಗೆ ಇದೇ ಸಂಖ್ಯೆಗೆ ಸಂದೇಶ ಕಳುಹಿಸಿ. ಸೋಮವಾರ ಬೆಳಗ್ಗೆ ಆರು ಗಂಟೆ, ತಾರಸಿಯಲ್ಲಿ.’

ಇಲ್ಲಿ ‘ನಾಳೆಯಿಂದ’ ಎಂಬ ಪದವಿಲ್ಲ. ದನಿಸಂದೇಶವನ್ನು ಕೆಲವರು ಎರಡು ದಿನ ಬಿಟ್ಟು ಕೇಳುತ್ತಾರೆ, ಆಗ ‘ನಾಳೆ’ ಯಾವುದೆಂದು ತಿಳಿಯದು. ವಾರದ ಜೊತೆ ತಾರೀಖೂ ಇರಲಿ. ಹೊತ್ತು ಮತ್ತು ಜಾಗ ಎರಡು ಸಲ ಬಂದಿರುವುದೂ ಬೇಕೆಂದೇ. ಒಲೆಯ ಮುಂದೆ ನಿಂತು ಕೇಳುವವರಿಗೆ ಕೊನೆಯ ಸಾಲೊಂದೇ ಕಿವಿಗೆ ಬೀಳಬಹುದು. ಆರೋಗ್ಯದ ಸಾಲನ್ನು ಮಾತ್ರ ಜಾಗ ಸಾಲದೆಂದು ತೆಗೆಯಬೇಡಿ. ತಲೆ ಕೆಳಗಾಗಿಸುವ ಆಸನಗಳು, ಉಸಿರು ಬಿಗಿಹಿಡಿಯುವ ಪ್ರಾಣಾಯಾಮ ಎಲ್ಲರಿಗೂ ಸಲ್ಲುವುದಿಲ್ಲ; ಯಾರಿಗೆ ಬೇಡವೆಂದು ಶಿಕ್ಷಕರಿಗೆ ಮೊದಲ ದಿನಕ್ಕೆ ಮುಂಚೆಯೇ ಗೊತ್ತಿರಬೇಕು.

ಇನ್ನು ಮೊಬೈಲ್‌ನ ಗಡಿಯಾರ ಹಚ್ಚಿ, ನಿಂತುಕೊಂಡು ಗಟ್ಟಿಯಾಗಿ ಓದಿ. 35 ಸೆಕೆಂಡು ದಾಟಿದರೆ ವೇಗ ಹೆಚ್ಚಿಸಬೇಡಿ, ಪದ ಕಡಿಮೆ ಮಾಡಿ. ಈ ಕರಡಿನಲ್ಲಾದರೆ ಮೊದಲು ಬಿಡಬಹುದಾದದ್ದು ‘ಸರಿಯಾಗಿ’, ‘ನಮ್ಮ ಕಟ್ಟಡದ’ ಎಂಬಂಥವು. ದನಿಮುದ್ರಿಸುವಾಗ ಫ್ಯಾನ್ ಆರಿಸಿ.

ಎಲ್ಲರಿಗೂ ಕಳುಹಿಸುವ ಮುನ್ನ ಒಬ್ಬರಿಗೆ ಒಂದೇ ಸಲ ಕೇಳಿಸಿ. ಎಂದಿನಿಂದ, ಎಷ್ಟು ಹೊತ್ತಿಗೆ, ಎಲ್ಲಿ, ಏನು ತರಬೇಕು ಎಂದು ವಿಚಾರಿಸಿ. ಅವರು ತಡವರಿಸಿದ ಸಾಲನ್ನಷ್ಟೇ ತಿದ್ದಿ ಮತ್ತೆ ಮುದ್ರಿಸಿ.