ಬೆಂದ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್?

ಅಮ್ಮನ ಊಟದ ಪ್ರೋಟೀನ್ ಲೆಕ್ಕ ದಿಢೀರನೆ ಜಾಸ್ತಿ ಬಂತು. ಆ್ಯಪ್‌ನಲ್ಲಿ ಯಾರೋ ಸೇರಿಸಿದ್ದ ‘ಬೆಂದ ತೊಗರಿಬೇಳೆ, 100 ಗ್ರಾಂ’ ತೆರೆದು ನೋಡಿದೆ. 121 ಕ್ಯಾಲೊರಿ, ಪ್ರೋಟೀನ್ 22 ಗ್ರಾಂ, ಕಾರ್ಬ್ 23, ಕೊಬ್ಬು 0.4.

ಪ್ರೋಟೀನ್ ಮತ್ತು ಕಾರ್ಬ್ ಗ್ರಾಂಗೆ 4 ಕ್ಯಾಲೊರಿ ಕೊಡುತ್ತವೆ, ಕೊಬ್ಬು 9. ಕೂಡಿದರೆ 88 + 92 + 3.6, ಅಂದರೆ ಸುಮಾರು 184. ನಾರಿನ ಅಂಶದಿಂದ ಸ್ವಲ್ಪ ವ್ಯತ್ಯಾಸ ಬರಬಹುದು, ಆದರೆ ಇಷ್ಟೊಂದು ಬರುವುದಿಲ್ಲ. 22 ಗ್ರಾಂ ಇರುವುದು ಒಣ ಬೇಳೆಯಲ್ಲಿ. ಬೆಂದಾಗ ಅದು ನೀರು ಕುಡಿದು ತೂಕ ಹೆಚ್ಚುತ್ತದೆ, ಹಾಗಾಗಿ 100 ಗ್ರಾಂನಲ್ಲಿ ಪ್ರೋಟೀನ್ 7 ಗ್ರಾಂನ ಆಸುಪಾಸಿಗೆ ಇಳಿಯುತ್ತದೆ. 7 ಹಾಕಿದರೆ ಮೊತ್ತ ಸುಮಾರು 124. ಈಗ ಸರಿಹೊಂದಿತಲ್ವಾ?

ಇನ್ನೊಂದು ನಮೂದು ಇದಕ್ಕಿಂತ ಮೋಸದ್ದು. ಅದೂ ‘ಬೆಂದ’ ಬೇಳೆಯೇ, ಆದರೆ 343 ಕ್ಯಾಲೊರಿ, ಪ್ರೋಟೀನ್ 22, ಕಾರ್ಬ್ 63, ಕೊಬ್ಬು 1.5. ಮೊತ್ತ ಸುಮಾರು 354, ಹೆಚ್ಚುಕಡಿಮೆ ತಾಳೆಯಾಗುತ್ತದೆ. ಎಲ್ಲವೂ ಒಣ ಬೇಳೆಯ ಅಂಕಿಗಳೇ ಆದ್ದರಿಂದ ಕೂಡುವ ಲೆಕ್ಕಕ್ಕೆ ತಪ್ಪು ಸಿಗುವುದಿಲ್ಲ. ನೀರು ತುಂಬಿದ ಬೆಂದ ಬೇಳೆಗೆ 343 ಕ್ಯಾಲೊರಿ ಸಾಧ್ಯವೇ ಇಲ್ಲ ಎಂದು ನಾವೇ ಗುರುತಿಸಬೇಕು.

ಈಗ ಕುಕ್ಕರ್‌ಗೆ ಹಾಕುವ ಮೊದಲೇ ಒಣ ಬೇಳೆ ತೂಗಿ, ಒಣ ಬೇಳೆಯ ನಮೂದನ್ನೇ ಬಳಸುತ್ತೇನೆ.