ವಾಯಿದೆ ಕಡಿಮೆ ಮಾಡುವ ಪತ್ರ: ಗಿರಾಕಿ ಮುನಿಯದಂತೆ ಬರೆಯುವುದು ಹೇಗೆ?

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಲೆಕ್ಕ ಬರೆಯುವ ಕೆಲಸದಲ್ಲಿ ಇಂಥ ಪತ್ರಗಳನ್ನು ಬಹಳ ನೋಡಿದ್ದೇನೆ. ಹೆಚ್ಚಿನವು ಎರಡೇ ಸಾಲು: “ಇನ್ನು ಮುಂದೆ 45 ದಿನದೊಳಗೆ ಹಣ ಪಾವತಿಸಬೇಕು. ತಪ್ಪಿದಲ್ಲಿ ಬಡ್ಡಿ ವಿಧಿಸಲಾಗುವುದು.” ಒಂದು ಘಟಕದವರು ಇದನ್ನೇ ವಾಟ್ಸಾಪ್‌ನಲ್ಲಿ ಎಲ್ಲ ಪಾರ್ಟಿಗಳಿಗೂ ಒಟ್ಟಿಗೆ ಕಳಿಸಿಬಿಟ್ಟರು. 90 ದಿನದ ವಾಯಿದೆ ಇದ್ದರೂ 40 ದಿನದೊಳಗೇ ದುಡ್ಡು ಹಾಕುತ್ತಿದ್ದ ಹಳೆಯ ಅಂಗಡಿಯವರೊಬ್ಬರು ಫೋನ್ ಮಾಡಿ, “ನಾನೇನ್ ತಪ್ಪು ಮಾಡೀನಿ?” ಎಂದು ಕೇಳಿದರು. ಆ ಸೀಸನ್‌ಗೆ ಅವರಿಂದ ಆರ್ಡರ್ ಬರಲಿಲ್ಲ.

ಹಾಗಾಗಿ ಮೊದಲು ಖಾತೆ ತೆಗೆಯಿರಿ. ಕಳೆದ ಒಂದು ವರ್ಷದಲ್ಲಿ ಯಾವ ಪಾರ್ಟಿ ಸರಾಸರಿ ಎಷ್ಟು ದಿನಕ್ಕೆ ಕೊಟ್ಟಿದೆ ಎಂದು ಹೆಸರಿನ ಮುಂದೆ ಬರೆದುಕೊಳ್ಳಿ. 45 ದಿನದೊಳಗೆ ಕೊಡುವವರಿಗೆ ಪತ್ರದ ಮೊದಲ ಸಾಲಿನಲ್ಲೇ, “ನೀವು ಕೊಡುತ್ತಿರುವ ರೀತಿಯೇ ಸಾಕು, ನಿಮಗೆ ಏನೂ ಬದಲಾಗುವುದಿಲ್ಲ” ಎಂದು ಹೇಳಿ. ಉಳಿದವರಿಗೆ ಬೇರೆ ಪತ್ರ.

ಕಾರಣವನ್ನು ಎರಡು ಸಾಲಿನಲ್ಲಿ ಮುಗಿಸಿ. ಹೊಲಿಗೆಯವರಿಗೆ ವಾರ ವಾರ ಕೂಲಿ, ಬಟ್ಟೆಗೆ ತಿಂಗಳೊಳಗೆ ದುಡ್ಡು, ನಮಗೆ ಬರುವುದು ಮೂರು ತಿಂಗಳಿಗೆ. ಇಷ್ಟು ಸಾಕು, ವ್ಯಾಪಾರಸ್ಥರಿಗೆ ಅರ್ಥವಾಗುತ್ತದೆ.

ಎಲ್ಲರೂ ಎಡವುವುದು ದಿನದ ಲೆಕ್ಕದಲ್ಲಿ. 45 ದಿನ ಅಂದರೆ ಎಲ್ಲಿಂದ? ನೀವು ಬಿಲ್ ತಾರೀಖಿನಿಂದ ಎಣಿಸುತ್ತೀರಿ, ಅವರು ಟ್ರಾನ್ಸ್‌ಪೋರ್ಟ್‌ನಿಂದ ಬೇಲ್ ಬಿಡಿಸಿಕೊಂಡ ದಿನದಿಂದ ಎಣಿಸುತ್ತಾರೆ. ನಾಲ್ಕೈದು ದಿನದ ಈ ವ್ಯತ್ಯಾಸಕ್ಕೇ ಜಗಳ. ಬಿಲ್ ತಾರೀಖನ್ನೇ ಹಿಡಿಯಿರಿ, ಆದರೆ ಮಾಲು ಲೋಡ್ ಆದ ದಿನವೇ ಬಿಲ್ ಮಾಡಿ, ಬಿಲ್ ಮತ್ತು ಎಲ್.ಆರ್. ಫೋಟೊ ಅವತ್ತೇ ಕಳಿಸಿ. ಮಾಲು ಗೋದಾಮಿನಲ್ಲೇ ಇದ್ದಾಗ ಬಿಲ್ ಹರಿಯುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ: ಹಳೆಯ ಬಿಲ್‌ಗೆ ಹಳೆಯ ವಾಯಿದೆಯೇ. ಮಾಲು ಕೊಟ್ಟ ಮೇಲೆ ಕರಾರು ಬದಲಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಪತ್ರ ಕಳಿಸಿದ ದಿನಕ್ಕೂ ಹೊಸ ಕರಾರು ಶುರುವಾಗುವ ದಿನಕ್ಕೂ ಕನಿಷ್ಠ ಒಂದು ತಿಂಗಳು ಅಂತರ ಇಡಿ.

ತಡವಾದರೆ ಎಷ್ಟು ಎಂಬುದನ್ನು ಶೇಕಡಾದಲ್ಲಿ ಮಾತ್ರ ಬರೆಯಬೇಡಿ, ರೂಪಾಯಿಯಲ್ಲಿ ತೋರಿಸಿ. ನಾನು ಬರೆದುಕೊಡುವುದು ಹೀಗೆ:

“ಜೂನ್ 1ರಿಂದ ಮಾಡುವ ಬಿಲ್‌ಗಳಿಗೆ ಬಿಲ್ ತಾರೀಖಿನಿಂದ 45 ದಿನ ವಾಯಿದೆ. ಅದಕ್ಕಿಂತ ಮೊದಲಿನ ಬಿಲ್‌ಗಳಿಗೆ ಎಂದಿನಂತೆ 90 ದಿನ. ವಾಯಿದೆ ದಾಟಿದ ದಿನಗಳಿಗೆ ಮಾತ್ರ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಬಡ್ಡಿ. ಉದಾಹರಣೆಗೆ, ಜೂನ್ 4ರ 80,000 ರೂಪಾಯಿ ಬಿಲ್‌ಗೆ ಜುಲೈ 19 ಕೊನೆಯ ದಿನ. ಆಗಸ್ಟ್ 8ಕ್ಕೆ ಕೊಟ್ಟರೆ 20 ದಿನ ತಡ, ಬಡ್ಡಿ 789 ರೂಪಾಯಿ. ಮಾಲಿನಲ್ಲಿ ತಕರಾರಿದ್ದರೆ ತಲುಪಿದ 7 ದಿನದೊಳಗೆ ತಿಳಿಸಿ. ಅದು ಬಗೆಹರಿಯುವವರೆಗೆ ಆ ಪೀಸ್‌ಗಳ ಹಣಕ್ಕೆ ಬಡ್ಡಿ ಇಲ್ಲ.”

ಕೊನೆಯ ಎರಡು ವಾಕ್ಯ ಬಿಡಲೇಬೇಡಿ. ವಾಷಿಂಗ್‌ನಲ್ಲಿ ಬಣ್ಣ ಹೆಚ್ಚುಕಮ್ಮಿ ಆದ ಪೀಸ್ ಇದ್ದೇ ಇರುತ್ತವೆ. ಅವುಗಳ ದುಡ್ಡಿಗೂ ಬಡ್ಡಿ ಕೇಳಿದರೆ ವ್ಯಾಪಾರ ಮುರಿಯುತ್ತದೆ. ವಸೂಲಾದ ಬಡ್ಡಿಗೂ ಮಾಲಿನ ದರದಲ್ಲೇ ಜಿಎಸ್‌ಟಿ ಬೀಳುತ್ತದೆ. ಅದಕ್ಕೆ ಡೆಬಿಟ್ ನೋಟ್ ಮಾಡಿ, ಸುಮ್ನೆ ಚೀಟಿಯಲ್ಲಿ ಬರೆದು ಕೂಡಿಸಬೇಡಿ.

ಬೇಗ ಕೊಡುವವರಿಗೆ ಶೇ 2 ರಿಯಾಯಿತಿ ಎಂದು ಕೆಲವರು ಸೇರಿಸುತ್ತಾರೆ. ನನಗೆ ಅದು ಜಾಸ್ತಿ ಅನಿಸುತ್ತದೆ. 10 ದಿನದಲ್ಲಿ ಕೊಟ್ಟರೆ ನಿಮಗೆ ದುಡ್ಡು ಬರುವುದು 35 ದಿನ ಮುಂಚೆ, ಅಷ್ಟೇ. ಅದಕ್ಕೆ ಶೇ 2 ಬಿಟ್ಟರೆ ವರ್ಷಕ್ಕೆ ಸುಮಾರು ಶೇ 21 ಬಡ್ಡಿ ಕೊಟ್ಟ ಹಾಗೆ. ಶೇ 1 ಸಾಕು.

ಘಟಕ ಉದ್ಯಮ್‌ನಲ್ಲಿ ಸೂಕ್ಷ್ಮ ಅಥವಾ ಸಣ್ಣ ತಯಾರಕರೆಂದು ನೋಂದಣಿ ಆಗಿದ್ದರೆ ಪತ್ರದ ಕೆಳಗೆ ಆ ನಂಬರ್ ಹಾಕಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಇಂಥವರ ಜೊತೆ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ವಾಯಿದೆ ಇಲ್ಲ. ಬರೀ ಕೊಂಡು ಮಾರುವವರಿಗೆ ಈ ರಕ್ಷಣೆ ಸಿಗುವುದಿಲ್ಲ. ಕಾಯ್ದೆಯನ್ನು ಒಂದು ಸಾಲಿನಲ್ಲಿ ಹೇಳಿ. ಇಂಟರ್ನೆಟ್‌ನಲ್ಲಿ ಸಿಗುವ ವಕೀಲರ ನೋಟಿಸ್ ಮಾದರಿಯನ್ನು ನಕಲು ಮಾಡಿದರೆ ಓದಿದವರಿಗೆ ಬೆದರಿಕೆ ಹಾಕಿದಂತೆ ಕೇಳಿಸುತ್ತದೆ.

ಕಳಿಸುವ ಮುಂಚೆ ದೊಡ್ಡ ಪಾರ್ಟಿಗಳಿಗೆ ಮಾಲೀಕರೇ ಫೋನ್ ಮಾಡಬೇಕು, ಗುಮಾಸ್ತರಲ್ಲ. “ಸಾಹುಕಾರ್ರೇ, ಒಂದು ಪತ್ರ ಬರ್ತದ. ಎಲ್ಲರಿಗೂ ಕಳಸಾಕ್ಹತ್ತೀವಿ, ನಿಮಗ ಮೊದಲೇ ಹೇಳೋಣ ಅಂತ ಮಾಡಿದೆ” ಅಂದರೆ ಸಾಕು. ಒಪ್ಪಿಗೆ ಅಂತ ಒಂದು ಸಾಲು ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಾದರೂ ಸರಿ. ಕರಾರನ್ನು ಬಿಲ್ ಮೇಲೂ ಅಚ್ಚು ಹಾಕಿಸಿ.

ಮೊದಲ ಸಲ ತಡ ಮಾಡಿದವರಿಗೆ ಬಡ್ಡಿ ಬಿಡುವುದಾದರೆ ಬಿಡಿ. ಆದರೆ ಬಾಯಿಮಾತಲ್ಲಿ ಬೇಡ. “ಈ ಬಿಲ್‌ಗೆ 789 ರೂಪಾಯಿ ಆಗಿತ್ತು, ಈ ಸಲ ಬಿಟ್ಟಿದ್ದೇವೆ” ಎಂದು ಬರೆದು ಕಳಿಸಿ.