3 ಜಿಬಿ ಫೈಲಿನಿಂದ ಎಂಟೇ ಬೈಟ್: ನನ್ನ ಅನುಭವ

ಹೋದ ವಾರ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ನಮ್ಮ ಲ್ಯಾಬಿನ ಸರ್ವರಿನಲ್ಲಿರುವ ಮನುಷ್ಯನ ಜೀನೋಮ್ ಫೈಲು `hg38.fa`ಯಿಂದ ಏಳು ಬೇಸ್, ಅಂದರೆ ಡಿಎನ್‌ಎ ಅಕ್ಷರ, ತೆಗೆದೆ. ಫೈಲು 3 ಜಿಬಿಗೂ ಜಾಸ್ತಿ ಇದೆ. ನನ್ನ ಲ್ಯಾಪ್‌ಟಾಪಿಗೆ ಬಂದದ್ದು ಎಂಟು ಬೈಟ್ ಮಾತ್ರ. ಸರ್ವರಿನಲ್ಲಿ ಯಾವ ಪ್ರೋಗ್ರಾಮನ್ನೂ ಓಡಿಸಲಿಲ್ಲ. "ಮಧ್ಯಕ್ಕೆ ನೆಗೆದರೆ ಎಲ್ಲೋ ಒಂದು ಅಕ್ಷರ ಆಚೀಚೆ ಆಗೇ ಆಗುತ್ತೆ" ಎಂದು ಮೊದಲಿನಿಂದ ಹೇಳುತ್ತಿದ್ದ ಗೆಳೆಯನ ಎದುರೇ ಮಾಡಿ ತೋರಿಸಿದೆ.

ಮೊದಲು ನಾನೂ ಪೂರ್ತಿ ಫೈಲನ್ನೇ ಓದುತ್ತಿದ್ದೆ. ಪೈಥಾನ್ ಸ್ಕ್ರಿಪ್ಟ್ ಒಂದೊಂದು ಜಾಗಕ್ಕೂ ಸುಮಾರು ಒಂದೂವರೆ ನಿಮಿಷ ತಿನ್ನುತ್ತಿತ್ತು. ಪಿಸಿಆರ್‌ಗೆ ಬೇಕಾದ ಚಿಕ್ಕ ಡಿಎನ್‌ಎ ತುಂಡುಗಳಾದ ಪ್ರೈಮರ್ ಮಾಡಲು ಮುನ್ನೂರು ಚಿಲ್ಲರೆ ಜಾಗ ಬೇಕಾದಾಗ 8 ಜಿಬಿ ರ‍್ಯಾಮ್ ಸಾಲದೆ ಯಂತ್ರ ನಿಂತೇ ಹೋಯಿತು. ಎರಡು ತಿಂಗಳು ಕ್ಲೌಡ್ ಯಂತ್ರ ಬಾಡಿಗೆಗೆ ಹಿಡಿದೆ. ನಾಲ್ಕು ಸಾವಿರ ರೂಪಾಯಿ ಹೋಯಿತು ಅನ್ನಿಸುತ್ತದೆ. ಅಷ್ಟೂ ದುಡ್ಡು ಉಳಿಸಬಹುದಿತ್ತು. `samtools faidx` ಒಂದು ಸಲ ಓಡಿಸಿದರೆ ಸಿಗುವ `.fai` ಎಂಬ ಇಂಡೆಕ್ಸ್ ಫೈಲು ಕೆಲವೇ ಕೆಬಿ. ಬೇಕಾದದ್ದೆಲ್ಲ ಅದರಲ್ಲೇ ಇದೆ.

ನನಗೆ ಬೇಕಿದ್ದದ್ದು ಸಿಕಲ್ ಸೆಲ್ ಬದಲಾವಣೆ ಆಗುವ ಜಾಗ, ಹನ್ನೊಂದನೇ ಕ್ರೋಮೋಸೋಮ್ ಆದ `chr11`ರ 5227002. ನಮ್ಮ `.fai`ಯಲ್ಲಿ ಅದರ ಸಾಲು ಹೀಗಿತ್ತು:

```
chr11	135086622	390408942	50	51
```

ಹೆಸರು, ಉದ್ದ, ಮೊದಲ ಬೇಸ್ ಇರುವ ಬೈಟ್, ಒಂದು ಸಾಲಿನ ಬೇಸ್‌ಗಳು, ಸಾಲು ಮುರಿಯುವ ಗುರುತೂ ಸೇರಿದ ಬೈಟ್‌ಗಳು. ಉಳಿದದ್ದು ಕೂಡಿ ಕಳೆಯುವ ಲೆಕ್ಕ. ನನಗೆ 5226999ರಿಂದ 5227005ರವರೆಗೆ ಬೇಕು. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೊದಲನೆಯದು 5226998. ಅದನ್ನು 50ರಿಂದ ಭಾಗಿಸಿದರೆ 104539 ಪೂರ್ತಿ ಸಾಲು, ಮೇಲೆ 48. ಈಗ 390408942ಕ್ಕೆ 104539 × 51 ಸೇರಿಸಿ, ಮತ್ತೆ 48 ಸೇರಿಸಿದರೆ 395740479. ಕೊನೆಯ ಬೇಸಿಗೂ ಹೀಗೇ ಮಾಡಿದರೆ 395740486. `curl`ಗೆ `-r` ಕೊಟ್ಟು ಆ ಬೈಟ್‌ಗಳನ್ನಷ್ಟೇ ಕೇಳಿದೆ:

```
curl -s -r 395740479-395740486 "$URL" | tr -d '\n'
TCCTCAG
```

ಏಳು ಬೇಸಿಗೆ ಎಂಟು ಬೈಟ್ ಯಾಕೆ ಅಂದರೆ, ಮೊದಲ ಎರಡು ಅಕ್ಷರ ಆದ ಮೇಲೆ ಸಾಲು ಮುರಿಯುತ್ತದೆ. ಆ `tr` ಮರೆತು ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ. ನಡುವಿನ T ನಮ್ಮ ಜಾಗ. ಎಚ್‌ಬಿಬಿ ಎಂಬ ಹಿಮೋಗ್ಲೋಬಿನ್ ಜೀನ್ ಎದುರಿನ ಮೈನಸ್ ಎಳೆಯಲ್ಲಿದೆ, ಹಾಗಾಗಿ ಇಲ್ಲಿನ CTC ಅಲ್ಲಿ GAG. ಸಿಕಲ್ ಸೆಲ್‌ನಲ್ಲಿ ಈ T ಜಾಗಕ್ಕೆ A ಬರುತ್ತದೆ. ಗೆಳೆಯ `samtools faidx hg38.fa chr11:5226999-5227005` ಓಡಿಸಿ ನೋಡಿದ. ಅದೇ ಬಂತು.

ಇಷ್ಟು ಸುಲಭವಾಗಿ ಮೊದಲ ದಿನ ಆಗಲಿಲ್ಲ. ಮೊದಲ ಸಲ ಬೇರೆ ಸರ್ವರಿನಲ್ಲಿ ಮಾಡಿದಾಗ ಅದು `-r` ಕೇಳಿಸಿಕೊಳ್ಳಲೇ ಇಲ್ಲ, ಪೂರ್ತಿ ಫೈಲು ಕಳಿಸತೊಡಗಿತು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಆ ದಿನದ ಡೇಟಾ ಖಾಲಿ. ಈಗ ಮೊದಲು ಒಂದೇ ಬೈಟ್ ಕೇಳಿ, ಉತ್ತರದ ಅಂಕಿ ನೋಡುತ್ತೇನೆ. ಕೇಳಿದ ತುಂಡಷ್ಟೇ ಎನ್ನುವ 206 ಬಂದರೆ ಮುಂದುವರಿಯುತ್ತೇನೆ, ಪೂರ್ತಿ ಫೈಲು ಎನ್ನುವ 200 ಬಂದರೆ ತಕ್ಷಣ ನಿಲ್ಲಿಸುತ್ತೇನೆ.

ಅದಕ್ಕಿಂತ ಕೆಟ್ಟದ್ದು ಹಳೆಯ ಇಂಡೆಕ್ಸ್. ಯಾರೋ ಪ್ರತಿ ಕ್ರೋಮೋಸೋಮಿನ ಹೆಸರು ಹೇಳುವ ಹೆಡರ್‌ಗಳಿಂದ `chr` ತೆಗೆದು, `.fai` ಹಾಗೇ ಬಿಟ್ಟಿದ್ದರು. ನಮ್ಮ ಫೈಲಿನಲ್ಲಿ `chr11` ಮೂರನೆಯದು, `chr1` ಮತ್ತು `chr10` ಆದ ಮೇಲೆ. ಮೂರು ಹೆಡರ್, ಪ್ರತಿಯೊಂದರಲ್ಲಿ ಮೂರು ಅಕ್ಷರ ಕಡಿಮೆ. `chr11`ರ ಬೇಸ್‌ಗಳೆಲ್ಲ ಒಂಬತ್ತು ಬೈಟ್ ಹಿಂದೆ ಸರಿದಿದ್ದವು, ನಾವು ಮಾತ್ರ ಹಳೆಯ ಜಾಗದಲ್ಲೇ ಓದುತ್ತಿದ್ದೆವು. ಎರರ್ ಒಂದೂ ಬರಲಿಲ್ಲ. ನೋಡಲು ಸರಿಯಾಗೇ ಕಾಣುವ ACGT ಬಂತು, ಪ್ರೈಮರ್ ಆರ್ಡರ್ ಕೂಡ ಹೋಯಿತು. ಪಿಸಿಆರ್ ಮಾತ್ರ ಬರಲಿಲ್ಲ. ಸುಮಾರು ಆರು ಸಾವಿರ ರೂಪಾಯಿ ನೀರಿಗೆ. ಅಂದಿನಿಂದ ಫೈಲು ಮುಟ್ಟಿದರೆ `.fai` ಅಳಿಸಿ ಹೊಸದು ಮಾಡುತ್ತೇನೆ. ಕೆಲಸ ಶುರು ಮಾಡುವ ಮೊದಲು ಇದೇ TCCTCAG ಬರುತ್ತಾ ಎಂದು ನೋಡುತ್ತೇನೆ.

ಡಿಸ್ಕ್ ಉಳಿಸಲು ಫೈಲನ್ನು ಕುಗ್ಗಿಸಿಯೂ ನೋಡಿದೆ. ಸಾಮಾನ್ಯ `gzip` ಆದರೆ `faidx` ಒಪ್ಪುವುದಿಲ್ಲ, `bgzip` ಬೇಕು. ಅದು ಫೈಲನ್ನು 64 ಕೆಬಿ ಮೀರದ ತುಂಡುಗಳಾಗಿ ಬೇರೆ ಬೇರೆ ಕುಗ್ಗಿಸುತ್ತದೆ. ಯಾವ ತುಂಡು ಎಲ್ಲಿದೆ ಎಂದು ಹೇಳಲು `.gzi` ಎಂಬ ಇನ್ನೊಂದು ಇಂಡೆಕ್ಸ್. ಫೈಲು ಸುಮಾರು 1 ಜಿಬಿಗೆ ಇಳಿಯಿತು. ಒಂದು ಜಾಗ ತೆಗೆಯಲು ಹಿಡಿದ ಸಮಯದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೇಲಿನ ಕೈಲೆಕ್ಕ ಅಲ್ಲಿ ನಡೆಯುವುದಿಲ್ಲ, `.fai` ಹೇಳುವ ಬೈಟ್ ಕುಗ್ಗಿಸುವ ಮೊದಲಿನದು. ಅದಕ್ಕೇ ಸರ್ವರಿನಲ್ಲಿ ಕುಗ್ಗಿಸದ ಪ್ರತಿಯನ್ನೇ ಉಳಿಸಿಕೊಂಡೆ.

ಆ ಮುನ್ನೂರು ಜಾಗವನ್ನು ಈಗ ಹನ್ನೊಂದು ಸಲ ಕೇಳಿ ತರುತ್ತೇನೆ. ಹತ್ತಿರದವನ್ನು ಒಟ್ಟಿಗೆ ಸೇರಿಸುತ್ತೇನೆ ಅನ್ನುವಷ್ಟು ಹೇಳಬಲ್ಲೆ. ಎಷ್ಟು ದೂರದವರೆಗೆ ಸೇರಿಸಬೇಕು ಅನ್ನುವ ಅಂಕಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.